ಪೆಟ್ಟಿಗೆ ಕೂಗಿತು, ಖಾತೆಗೆ ಹಣ ಬರಲಿಲ್ಲ

ಗಿರಾಕಿ ಕ್ಯುಆರ್‌ಗೆ ಹಣ ಹಾಕಿದ ಕೂಡಲೇ ಇಷ್ಟು ರೂಪಾಯಿ ಬಂತು ಎಂದು ಕೂಗುವ ಪೆಟ್ಟಿಗೆಯನ್ನು ಅಂಗಡಿಯ ಮೇಜಿನ ಮೇಲೆ ಇಟ್ಟುಕೊಂಡವರೆಲ್ಲ ಇದನ್ನು ಓದಬೇಕು. ಅದರಲ್ಲೂ ಹಬ್ಬದ ವ್ಯಾಪಾರ ಮಾಡುವವರು. ನನಗೆ ಬುದ್ಧಿ ಬಂದದ್ದು ಹಣ ಸಿಕ್ಕಿಹಾಕಿಕೊಂಡ ಮೇಲೆ, ಅದೂ ನಾಲ್ಕು ಜನರ ಎದುರು ತಲೆ ತಗ್ಗಿಸಿದ ಮೇಲೆ.

ತುಮಕೂರಿನಲ್ಲಿ ನನ್ನದೊಂದು ಪೂಜಾ ಸಾಮಾನಿನ ಪುಟ್ಟ ಅಂಗಡಿ. ಆಯುಧಪೂಜೆಗೆ ಚೆಂಡು ಹೂವು, ಬೂದುಗುಂಬಳ, ಬಾಳೆಕಂದು, ಕಡಲೆಪುರಿ ಇಡುತ್ತೇನೆ. ವರ್ಷದಲ್ಲಿ ನಾಲ್ಕು ಕಾಸು ಕಾಣುವುದು ಆ ಎರಡು ದಿನಗಳಲ್ಲೇ. ಹೂವನ್ನು ಗುಬ್ಬಿ ಕಡೆಯ ಒಬ್ಬ ರೈತರು ಮೂಟೆಗಟ್ಟಲೆ ತಂದು ಇಳಿಸುತ್ತಾರೆ. ಹಬ್ಬದ ಮರುದಿನ ಬೆಳಿಗ್ಗೆ ಬಂದು ದುಡ್ಡು ತೆಗೆದುಕೊಂಡು ಹೋಗುತ್ತಾರೆ. ಎಷ್ಟೋ ವರ್ಷಗಳಿಂದ ಹೀಗೆಯೇ ನಡೆದಿದೆ. ಚೀಟಿಯಲ್ಲಿ ತೂಕ ಬರೆದುಕೊಂಡರೆ ಮುಗಿಯಿತು.

2024ರ ಆಯುಧಪೂಜೆ ಅಕ್ಟೋಬರ್ 11, ಶುಕ್ರವಾರ. ಮರುದಿನ ವಿಜಯದಶಮಿ, ಅದೇ ಎರಡನೆಯ ಶನಿವಾರ. ಅದರ ಮರುದಿನ ಭಾನುವಾರ. ಈ ಮೂರು ದಿನಗಳನ್ನು ನೆನಪಿಟ್ಟುಕೊಳ್ಳಿ, ಎಲ್ಲ ಇದರಲ್ಲೇ ಇದೆ.

ಗುರುವಾರ ಕ್ಯುಆರ್ ಮೂಲಕ 47,310 ರೂಪಾಯಿ, ಶುಕ್ರವಾರ 71,330 ರೂಪಾಯಿ. ಒಟ್ಟು 1,18,640. ಪೆಟ್ಟಿಗೆಗೆ ಬಿಡುವೇ ಇರಲಿಲ್ಲ, ಎರಡು ದಿನ ಬಾಯಿ ಮುಚ್ಚಲಿಲ್ಲ. ನೋಟು ಕೊಟ್ಟವರು ಬೆರಳೆಣಿಕೆಯಷ್ಟು. ನಾನು ಹಿಗ್ಗಿದೆ, ಸುಳ್ಳು ಹೇಳುವುದಿಲ್ಲ.

ಶನಿವಾರ ಬೆಳಿಗ್ಗೆ ಹೂವಿನವರು ಬಂದರು. ಕುಂಬಳಕಾಯಿಯವನದೂ ಸೇರಿ ಅವತ್ತು ನಾನು ಕೊಡಬೇಕಾಗಿದ್ದದ್ದು 62,000. ಬ್ಯಾಂಕಿನ ಆ್ಯಪ್ ತೆರೆದು ನೋಡುತ್ತೇನೆ, ಖಾತೆಯಲ್ಲಿ ಒಂಬತ್ತು ಸಾವಿರ ಚಿಲ್ಲರೆ! ಗುರುವಾರದ ಹಣವೂ ಇಲ್ಲ, ಶುಕ್ರವಾರದ್ದೂ ಇಲ್ಲ. "ಅಣ್ಣ, ದುಡ್ಡು ಇನ್ನೂ ಖಾತೆಗೆ ಬಂದಿಲ್ಲ" ಎಂದೆ. ಅವರು ಪೆಟ್ಟಿಗೆಯ ಕಡೆ ನೋಡಿದರು. "ಏನಕ್ಕಾ, ನಿನ್ನೆ ಮೂಟೆ ಇಳಿಸುವಾಗ ಅದು ಕೂಗುತ್ತಿದ್ದದ್ದನ್ನು ನಾನೇ ಕೇಳಿದೆನಲ್ಲ?" ಎಂದರು. ಅಂಗಡಿಯಲ್ಲಿ ಆಗ ಇನ್ನೂ ಮೂವರು ಗಿರಾಕಿಗಳಿದ್ದರು. ನಾನು ಸುಳ್ಳಿಯಾದೆ. ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ.

ವಿಷಯ ಏನೆಂದರೆ, ಗಿರಾಕಿಯ ಹಣ ಬರುವುದು ನನ್ನ ಖಾತೆಗೆ ಅಲ್ಲ. ಪೆಟ್ಟಿಗೆ ಕೊಟ್ಟ ಕಂಪನಿ ಬ್ಯಾಂಕೊಂದರಲ್ಲಿ ಇಟ್ಟಿರುವ ಎಸ್ಕ್ರೋ ಖಾತೆಗೆ. ನನ್ನಂಥ ಅಸಂಖ್ಯಾತ ಅಂಗಡಿಗಳ ಹಣ ಮೊದಲು ಅಲ್ಲಿ ಬೀಳುತ್ತದೆ. ಕಂಪನಿ ಆಮೇಲೆ ಬ್ಯಾಂಕಿನಿಂದ ಬಂದ ಪಟ್ಟಿ ಮತ್ತು ತನ್ನ ಪಟ್ಟಿ ಎರಡನ್ನೂ ತಾಳೆ ನೋಡಿ, ಮರುಪಾವತಿ, ದೂರು, ಬಾಡಿಗೆ ಎಲ್ಲ ಕಳೆದು, ಉಳಿದದ್ದನ್ನು ಒಂದೇ ಗಂಟಾಗಿ ನನಗೆ ಕಳುಹಿಸುತ್ತದೆ. ಸೆಟಲ್‌ಮೆಂಟ್ ಎನ್ನುವುದು ಇದಕ್ಕೇ. ಪೆಟ್ಟಿಗೆ ಕೂಗುವುದು ಮೊದಲ ಹೆಜ್ಜೆಗೆ, ಎರಡನೆಯದಕ್ಕೆ ಅಲ್ಲ. ಎಸ್ಕ್ರೋ ಇರುವುದು ತಪ್ಪಲ್ಲ. ಆರ್‌ಬಿಐ ನಿಯಮದ ಪ್ರಕಾರ ಇಂಥ ಕಂಪನಿಗಳು ವ್ಯಾಪಾರಿಗಳ ಹಣವನ್ನು ತಮ್ಮ ಹಣದ ಜೊತೆ ಬೆರೆಸದೆ ಪ್ರತ್ಯೇಕವಾಗಿಯೇ ಇಡಬೇಕು. ಕಂಪನಿ ಮುಳುಗಿದರೂ ನಮ್ಮ ದುಡ್ಡು ಉಳಿಯಲಿ ಎಂಬ ಎಚ್ಚರಿಕೆ ಅದು. ಆದರೆ ಪೆಟ್ಟಿಗೆ ಕೊಡಲು ಬಂದ ಹುಡುಗ ಇದನ್ನು ಹೇಳಿದನೇ? "ತಕ್ಷಣ ಖಾತೆಗೆ ಬರುತ್ತದೆ ಮೇಡಂ" ಎಂದ. ತಕ್ಷಣ!

ಉಳಿದ ದಿನಗಳಲ್ಲಿ ನನಗೆ ಇದು ಗೊತ್ತಾಗದೆ ಹೋದದ್ದು ಏಕೆಂದರೆ, ಇವತ್ತಿನ ಹಣ ನಾಳೆ ಬೆಳಿಗ್ಗೆ ಬಂದುಬಿಡುತ್ತಿತ್ತು. ಪಾಸ್‌ಬುಕ್‌ನಲ್ಲಿ ದಿನಕ್ಕೆ ಒಂದೇ ಸಾಲು ಇರುತ್ತಿತ್ತು. ಐವತ್ತು ಗಿರಾಕಿ, ಒಂದೇ ಸಾಲು. ಅದನ್ನು ನೋಡಿಯಾದರೂ ನನಗೆ ಹೊಳೆಯಬೇಕಿತ್ತು.

ಸಹಾಯವಾಣಿಗೆ ಕರೆ ಮಾಡಿದೆ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿ ಆಮೇಲೆ ಒಬ್ಬ ಹುಡುಗಿ, "ನಿಮ್ಮ ಒಪ್ಪಂದ T+1 ಮೇಡಂ, ಅಂದರೆ ವ್ಯವಹಾರದ ದಿನದ ಮುಂದಿನ ಕೆಲಸದ ದಿನ. ಮೂರು ದಿನ ಬ್ಯಾಂಕ್ ರಜೆ. ಗುರುವಾರದ್ದು ಸೋಮವಾರ ಬರುತ್ತದೆ" ಎಂದಳು. ಶುಕ್ರವಾರದ್ದು? "ಶುಕ್ರವಾರವೇ ರಜೆಯಾದ್ದರಿಂದ ಅದನ್ನು ಸೋಮವಾರದ ವ್ಯವಹಾರ ಎಂದು ಎಣಿಸುತ್ತೇವೆ, ಮಂಗಳವಾರ ಬರುತ್ತದೆ." ಹಬ್ಬದ ದಿನ ನಾನು ಬೆವರು ಸುರಿಸಿ ಮಾರಿದ ಹೂವು ಇವರ ಲೆಕ್ಕದಲ್ಲಿ ಸೋಮವಾರ ಮಾರಿದ್ದು!

ನಾನು ಆಗ ನಂಬಿದೆ. ಬ್ಯಾಂಕಿಗೆ ರಜೆ ಎಂದರೆ ರಜೆ, ಯಾರೇನು ಮಾಡಲು ಸಾಧ್ಯ ಎಂದುಕೊಂಡೆ. ಫೋನ್ ಇಟ್ಟು ಅವರ ಆ್ಯಪ್ ನೋಡುತ್ತೇನೆ, ಅಲ್ಲೊಂದು ಹಸಿರು ಗುಂಡಿ: ಈಗಲೇ ಪಡೆಯಿರಿ. ನೂರಕ್ಕೆ ಒಂದು ರೂಪಾಯಿ ಶುಲ್ಕ, ಮೇಲೆ ಜಿಎಸ್‌ಟಿ. 20,000 ಎಂದು ಒತ್ತಿದೆ. 200 ಶುಲ್ಕ, 36 ತೆರಿಗೆ, 236 ಕಳೆದು 19,764 ರೂಪಾಯಿ ಎರಡು ನಿಮಿಷದಲ್ಲಿ ನನ್ನ ಖಾತೆಗೆ ಬಂತು. ಶನಿವಾರ. ವಿಜಯದಶಮಿ. ಬ್ಯಾಂಕ್ ರಜೆ.

ನಾನು ಮೂರ್ಖಳಾದೆ ಎಂದು ಗೊತ್ತಾದದ್ದು ಆ ಎರಡು ನಿಮಿಷದಲ್ಲಿ. ರಜೆಯ ದಿನ ಹಣ ಕಳುಹಿಸಲು ಆಗುವುದಿಲ್ಲ ಎಂದಾದರೆ 236 ರೂಪಾಯಿ ಕೊಟ್ಟ ಕೂಡಲೇ ಹೇಗಾಯಿತು? ಆಮೇಲೆ ತಿಳಿದೆ. ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹಣ ಸಾಗಿಸುವ ಎನ್‌ಇಎಫ್‌ಟಿ 2019ರ ಡಿಸೆಂಬರ್‌ನಿಂದಲೇ ವರ್ಷವಿಡೀ ಇಪ್ಪತ್ತನಾಲ್ಕು ಗಂಟೆ ನಡೆಯುತ್ತಿದೆ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ. ಬ್ಯಾಂಕಿನ ಬಾಗಿಲಿಗೆ ಬೀಗ ಬಿದ್ದಿರುತ್ತದೆಯೇ ಹೊರತು ಹಣ ಸಾಗುವ ದಾರಿಗೆ ಅಲ್ಲ. ರಜೆ ಇದ್ದದ್ದು ಒಪ್ಪಂದದ ಕಾಗದದಲ್ಲಿ. ನಾನು ಓದದೆ ಒಪ್ಪಿಗೆ ಒತ್ತಿದ ಕಾಗದದಲ್ಲಿ.

ಇನ್ನೊಮ್ಮೆ ಗುಂಡಿ ಒತ್ತಿದೆ, 40,000ಕ್ಕೆ. ಮರ್ಯಾದೆ ಉಳಿದರೆ ಸಾಕಾಗಿತ್ತು, ಶುಲ್ಕ ಹೋಗಲಿ ಎಂದುಕೊಂಡೆ. ಈ ಬಾರಿ ಪರದೆಯ ಮೇಲೆ ಕೆಂಪು ಅಕ್ಷರ: ನಿಮ್ಮ ಖಾತೆ ಹೆಚ್ಚುವರಿ ಪರಿಶೀಲನೆಯಲ್ಲಿದೆ. ಉಳಿದ 98,640 ರೂಪಾಯಿಯೂ ತಡೆಹಿಡಿಯಲ್ಪಟ್ಟಿತು. ತಮ್ಮನಿಗೆ ಫೋನ್ ಮಾಡಿ ಸಾಲ ತಂದು ಹೂವಿನವರಿಗೆ ಕೊಟ್ಟೆ. ಅವರು ಎಣಿಸಿಕೊಂಡು ಹೋದರು, ಏನೂ ಮಾತನಾಡಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಸೋಮವಾರ ಮತ್ತೆ ಕರೆ. ಈಗ ಬೇರೆ ಹುಡುಗ. "ಹಣ ಯಶಸ್ವಿಯಾಗಿದೆ ಮೇಡಂ, ನಮ್ಮ ಕಡೆಯಿಂದ ತೊಂದರೆಯಿಲ್ಲ, ನಿಮ್ಮ ಬ್ಯಾಂಕನ್ನು ಕೇಳಿ" ಎಂದು ಹನ್ನೆರಡು ಅಂಕೆಯ ಒಂದು ಸಂಖ್ಯೆ ಕೊಟ್ಟ. ಅದನ್ನು ಹಿಡಿದು ಬ್ಯಾಂಕಿನ ಸರದಿಯಲ್ಲಿ ಒಂದು ಗಂಟೆ ನಿಂತೆ. ಕೌಂಟರಿನಲ್ಲಿದ್ದವರು ನೋಡಿದ ಕೂಡಲೇ, "ಇದು ನಿಮ್ಮ ಗಿರಾಕಿ ಯುಪಿಐ ಮಾಡಿದ ಸಂಖ್ಯೆಯಮ್ಮ. ಕಂಪನಿ ನಿಮಗೆ ಕಳುಹಿಸಿದ್ದರೆ ಅದರ ಯುಟಿಆರ್, ಅಂದರೆ ಆ ವರ್ಗಾವಣೆಯ ಗುರುತಿನ ಸಂಖ್ಯೆ, ಬೇರೆ ಇರುತ್ತದೆ. ಎನ್‌ಇಎಫ್‌ಟಿಯಾದರೆ ಹದಿನಾರು ಅಕ್ಷರ. ಅದನ್ನು ತನ್ನಿ, ಒಂದು ನಿಮಿಷದಲ್ಲಿ ಹುಡುಕಿ ಹೇಳುತ್ತೇನೆ" ಎಂದರು. ಅಂದರೆ ಗಿರಾಕಿ ಹಣ ಕೊಟ್ಟದ್ದು ಯಶಸ್ವಿ. ಅದು ನನಗೂ ಗೊತ್ತಿತ್ತಲ್ಲ! ಪೆಟ್ಟಿಗೆ ಕೂಗಿ ಹೇಳಿತ್ತಲ್ಲ!

ವಾಪಸು ಕರೆ ಮಾಡಿ, "ಸೆಟಲ್‌ಮೆಂಟಿನ ಯುಟಿಆರ್ ಕೊಡಿ" ಎಂದೆ. ಆ ಒಂದು ಮಾತಿಗೆ ಅವರ ಧಾಟಿಯೇ ಬದಲಾಯಿತು. "ಇನ್ನೂ ಸೃಷ್ಟಿಯಾಗಿಲ್ಲ ಮೇಡಂ, ಪರಿಶೀಲನೆ ಮುಗಿಯಬೇಕು" ಎಂದರು. ಹಾಗಾದರೆ ಬೆಳಿಗ್ಗೆ ನನ್ನನ್ನು ಬ್ಯಾಂಕಿಗೆ ಏಕೆ ಓಡಿಸಿದಿರಿ ಎಂದರೆ, "ನಿಮ್ಮ ತಾಳ್ಮೆಗೆ ಧನ್ಯವಾದಗಳು."

ಪರಿಶೀಲನೆಗೆ ಕಾರಣ ಕೊನೆಗೂ ಮಂಗಳವಾರ ಹೊರಬಂತು. ನೋಂದಣಿ ಮಾಡುವಾಗ ಪೆಟ್ಟಿಗೆಯ ಹುಡುಗ ನನ್ನನ್ನು ಕೇಳದೆ ತಿಂಗಳ ವಹಿವಾಟು 40,000 ಎಂದು ತುಂಬಿದ್ದ. ಅಂಗಡಿಯ ಬಗೆ ಉಡುಗೊರೆ ವಸ್ತು ಎಂದು ಬರೆದಿದ್ದ. ತಿಂಗಳಿಗೆ ನಲವತ್ತು ಸಾವಿರದ ಉಡುಗೊರೆ ಅಂಗಡಿಗೆ ಎರಡು ದಿನದಲ್ಲಿ ಒಂದು ಲಕ್ಷ ಮೀರಿ ಬಂದರೆ, ಜೊತೆಗೆ ಆ ಹಣವನ್ನು ಆತುರಾತುರವಾಗಿ ಎಳೆದುಕೊಳ್ಳಲು ನೋಡಿದರೆ, ಕದ್ದ ದುಡ್ಡು ಸಾಗಿಸುವವರ ನಡತೆಯಂತೆ ಕಾಣುತ್ತದೆಯಂತೆ. ಸಿಟ್ಟಿನಲ್ಲೂ ಒಪ್ಪುತ್ತೇನೆ, ವಂಚನೆಯ ಹಣ ಒಮ್ಮೆ ಅಂಗಡಿಯವನ ಕೈ ಸೇರಿದರೆ ಹಿಂದಕ್ಕೆ ತರುವುದು ಕಷ್ಟ, ಹಾಗಾಗಿ ಮೊದಲೇ ತಡೆಯುತ್ತಾರೆ. ಆದರೆ ಅವರು ಕೇಳಿದ್ದೇನು ಗೊತ್ತೇ? ಖರೀದಿಯ ಬಿಲ್! ಹೊಲದಿಂದ ಕಿತ್ತು ತಂದ ಚೆಂಡು ಹೂವಿಗೆ ಬಿಲ್! ತೂಕದ ಚೀಟಿಗಳ, ಅಂಗಡಿಯ ಮುಂದಿನ ಕುಂಬಳದ ರಾಶಿಯ, ಪರವಾನಗಿಯ ಫೋಟೋ ಕಳುಹಿಸಿದೆ. ಎರಡು ಸಲ ತಿರಸ್ಕಾರವಾಯಿತು, ಅಕ್ಷರ ಸ್ಪಷ್ಟವಿಲ್ಲ ಎಂದು. ಬುಧವಾರ ಸಂಜೆ ಒಪ್ಪಿದರು. ಗುರುವಾರ 17ನೆಯ ತಾರೀಕು ವಾಲ್ಮೀಕಿ ಜಯಂತಿ, ಮತ್ತೆ ರಜೆ. ಹಣ ಬಂದದ್ದು ಶುಕ್ರವಾರ. 98,640 ಅಲ್ಲ, 98,515. ಪೆಟ್ಟಿಗೆಯ ಬಾಡಿಗೆ 125 ಹಿಡಿದಿದ್ದರು. ನನ್ನ ಹಣವನ್ನು ಒಂದು ವಾರ ಇಟ್ಟುಕೊಂಡು, ಕೂಗಿದ್ದಕ್ಕೆ ಬಾಡಿಗೆ.

ನೀವು ಮಾಡಬೇಕಾದದ್ದು ಇಷ್ಟು. ಇವತ್ತೇ ನಿಮ್ಮ ಕ್ಯುಆರ್‌ಗೆ ಮನೆಯವರ ಫೋನಿನಿಂದ ಹತ್ತು ರೂಪಾಯಿ ಹಾಕಿ, ಅದು ಕೂಡಲೇ ನಿಮ್ಮ ಬ್ಯಾಂಕ್ ಖಾತೆಯಲ್ಲಿ ಕಾಣುತ್ತದೆಯೇ ನೋಡಿ. ಪೆಟ್ಟಿಗೆ ಕೂಗಿಯೂ ಖಾತೆಯಲ್ಲಿ ಕಾಣದಿದ್ದರೆ, ಹಣ ನಡುವೆ ಎಲ್ಲೋ ನಿಂತಿದೆ. ಬ್ಯಾಂಕಿನವರೇ ಕೊಟ್ಟ ಕ್ಯುಆರ್ ಆದರೂ ಹೀಗೆಯೇ ನೋಡಿ. ಅವರಲ್ಲೂ ದಿನದ ಕೊನೆಗೆ ಒಟ್ಟುಗೂಡಿಸಿ ಹಾಕುವವರಿದ್ದಾರೆ. ಹಬ್ಬಕ್ಕೆ ಹದಿನೈದು ದಿನ ಮೊದಲೇ ಕಂಪನಿಯ ಆ್ಯಪ್‌ನಲ್ಲಿ ನಿಮ್ಮ ವಹಿವಾಟು ಎಷ್ಟು ಎಂದು ಬರೆದಿದ್ದಾರೆ ನೋಡಿ, ತಪ್ಪಿದ್ದರೆ ಬರಹದಲ್ಲಿ ತಿದ್ದಿಸಿ. ಹಣ ಕಳುಹಿಸಿದ್ದೇವೆ ಎಂದರೆ ಸೆಟಲ್‌ಮೆಂಟಿನ ಯುಟಿಆರ್ ಎಂಬ ಒಂದೇ ಪದ ಹಿಡಿದುಕೊಳ್ಳಿ, ಬೇರೆ ಯಾವ ಸಂಖ್ಯೆ ಕೊಟ್ಟರೂ ಬ್ಯಾಂಕಿಗೆ ಓಡಬೇಡಿ. ಹಸಿರು ಗುಂಡಿಯ ಬಗ್ಗೆ ನಾನು ಹೇಳಬೇಕಾದದ್ದನ್ನು ಹೇಳಿಯಾಯಿತು.

ನಾನು ಈಗ ನನ್ನ ಚಾಲ್ತಿ ಖಾತೆಗೇ ನೇರವಾಗಿ ಬೀಳುವ ಇನ್ನೊಂದು ಕ್ಯುಆರ್ ಮುಂದಿಟ್ಟಿದ್ದೇನೆ. ಅದು ಕೂಗುವುದಿಲ್ಲ, ಫೋನ್ ನೋಡಿಕೊಳ್ಳಬೇಕು. ದೀಪಾವಳಿಗೆ ಹೂವಿನವರು ಬಂದರು, ಬಂದದ್ದೇ ದೊಡ್ಡದು. ಮೂಟೆಯನ್ನು ಗಾಡಿಯಿಂದ ಇಳಿಸುವ ಮೊದಲು ಕೈ ಚಾಚಿ, "ನೋಟಿನಲ್ಲೇ ಕೊಟ್ಟುಬಿಡಿ ಅಕ್ಕ" ಎಂದರು. ಎಣಿಸಿ ಕೊಟ್ಟೆ.