8, 16, 32 ಜಿಬಿ ರ‍್ಯಾಮ್: ಒಂದೇ ಲ್ಯಾಪ್‌ಟಾಪ್‌ನಲ್ಲಿ ಮೂರನ್ನೂ ಬಳಸಿದ ಮೇಲೆ

ನನ್ನ ವಿಂಡೋಸ್ 11 ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್‌ಗೆ ಎರಡು ಸ್ಲಾಟ್ ಇವೆ. ಕೊಂಡಾಗ ಒಂದರಲ್ಲಿ 8 ಜಿಬಿ ಇತ್ತು. ಆಮೇಲೆ ಇನ್ನೊಂದು 8 ಸೇರಿಸಿದೆ, ಈಗ ಎರಡನ್ನೂ ತೆಗೆದು 16ರ ಜೋಡಿ ಹಾಕಿದ್ದೇನೆ. ಪ್ರೊಸೆಸರ್, ಎಸ್‌ಎಸ್‌ಡಿ ಹಳೆಯವೇ.

ನನ್ನದು ಆಂಡ್ರಾಯ್ಡ್ ಆ್ಯಪ್ ಮಾಡುವ ಕೆಲಸ. 8 ಜಿಬಿಯಲ್ಲಿ ಆಂಡ್ರಾಯ್ಡ್ ಸ್ಟುಡಿಯೊ ಹೇಗೋ ನಡೆಯುತ್ತಿತ್ತು. ಜೊತೆಗೆ ಲ್ಯಾಪ್‌ಟಾಪ್‌ನಲ್ಲೇ ಫೋನ್‌ನಂತೆ ನಡೆಯುವ ಎಮ್ಯುಲೇಟರ್ ಶುರು ಮಾಡಿದರೆ ಮುಗಿಯಿತು: ಮೌಸ್ ಓಡಾಡುತ್ತದೆ, ಕ್ಲಿಕ್ ಮಾತ್ರ ತಡವಾಗಿ ತಾಗುತ್ತದೆ, ಕ್ರೋಮ್‌ಗೆ ಹೋದರೆ ಟ್ಯಾಬ್ ಬಿಳಿಯಾಗಿ ನಿಂತು ಮತ್ತೆ ಲೋಡ್ ಆಗುತ್ತದೆ. ರ‍್ಯಾಮ್‌ನಲ್ಲಿ ಜಾಗ ಸಾಲದೆ ವಿಂಡೋಸ್ ಒಂದಷ್ಟನ್ನು ಎಸ್‌ಎಸ್‌ಡಿಯ ಪೇಜ್‌ಫೈಲ್‌ಗೆ ಸಾಗಿಸಿ, ಬೇಕಾದಾಗ ವಾಪಸ್ ತರುತ್ತಿರುತ್ತದೆ. ಎಸ್‌ಎಸ್‌ಡಿ ಎಷ್ಟೇ ವೇಗದ್ದಾದರೂ ರ‍್ಯಾಮ್‌ಗೆ ಸಮವಲ್ಲ.

ನಿಮಗೆ ಎಷ್ಟು ಬೇಕೆಂದು ಅಂಗಡಿಯವರನ್ನು ಕೇಳುವ ಅಗತ್ಯವಿಲ್ಲ. ದಿನದ ಕೆಲಸವೆಲ್ಲ ತೆರೆದಿಟ್ಟು `Ctrl+Shift+Esc` ಒತ್ತಿ, `Performance`ನಲ್ಲಿ `Memory` ನೋಡಿ. ಶೇಕಡಾ ಲೆಕ್ಕ ಕಂಡು ಗಾಬರಿಯಾಗಬೇಡಿ. ರ‍್ಯಾಮ್ ಹೆಚ್ಚಿದ್ದಷ್ಟೂ ವಿಂಡೋಸ್ ಧಾರಾಳವಾಗಿ ಬಳಸುತ್ತದೆ. `Committed` ಎಂಬಲ್ಲಿನ ಮೊದಲ ಅಂಕಿ ಮುಖ್ಯ. ಅದು ಪ್ರೋಗ್ರಾಂಗಳಿಗೆ ಕೊಡುತ್ತೇನೆಂದು ವಿಂಡೋಸ್ ಒಪ್ಪಿಕೊಂಡಿರುವ ಮೆಮೊರಿ. ಅಷ್ಟೂ ಒಟ್ಟಿಗೆ ಬಳಕೆಯಲ್ಲಿರುವುದಿಲ್ಲ, ಹಾಗಾಗಿ ನಿಮ್ಮ ರ‍್ಯಾಮ್‌ಗಿಂತ ತುಸು ಮೇಲಿದ್ದರೆ ಪರವಾಗಿಲ್ಲ. ಬಹಳ ಮೇಲಿದ್ದು, ಯಂತ್ರ ತೊದಲುವ ಹೊತ್ತಿಗೇ ರಿಸೋರ್ಸ್ ಮಾನಿಟರ್‌ನಲ್ಲಿ `Hard Faults/sec`, ಅಂದರೆ ಸೆಕೆಂಡಿಗೆ ಎಷ್ಟು ಸಲ ಎಸ್‌ಎಸ್‌ಡಿಯಿಂದ ತರಬೇಕಾಯಿತು ಎಂಬ ಲೆಕ್ಕ, ಇಳಿಯದೆ ಮೇಲೇ ನಿಂತರೆ ರ‍್ಯಾಮ್ ಸಾಲದು ಎಂದೇ ಅರ್ಥ.

8 ಜಿಬಿ ಇದ್ದಾಗ ನನ್ನಲ್ಲಿ `Committed` 13 ಜಿಬಿಯ ಆಸುಪಾಸು ಇರುತ್ತಿತ್ತು. 16 ಮಾಡಿದ ದಿನವೇ ತೊದಲು ನಿಂತಿತು. ಇನ್ನೊಂದು ಲಾಭವೂ ಸಿಕ್ಕಿತು: ಎರಡು ಸ್ಟಿಕ್ ಆದದ್ದರಿಂದ ಎರಡರಿಂದಲೂ ಒಟ್ಟಿಗೇ ಡೇಟಾ ಸಾಗಿಸುವ ಡ್ಯುಯಲ್ ಚಾನೆಲ್ ಬಂತು, ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್‌ನಲ್ಲೇ ಗೇಮ್ ಸಲೀಸಾಗಿ ಓಡತೊಡಗಿತು.

32ಕ್ಕೆ ಹೋದಾಗ ಅಂಥದ್ದೇನೂ ಆಗಲಿಲ್ಲ. ಅದೇ ಸ್ಟುಡಿಯೊ, ಅದೇ ಎಮ್ಯುಲೇಟರ್, ಅದೇ ವೇಗ. ವಿಂಡೋಸ್ ಒಳಗೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ನಡೆಸುವ ವರ್ಚುವಲ್‌ಬಾಕ್ಸ್‌ನಲ್ಲಿ ಉಬುಂಟುಗೆ 8 ಜಿಬಿ ಕೊಟ್ಟು ಉಳಿದ ಕೆಲಸ ಮುಂದುವರಿಸುವಾಗ ಮಾತ್ರ ಕೊಟ್ಟ ದುಡ್ಡು ಕಣ್ಣಿಗೆ ಕಾಣುತ್ತದೆ. ದೊಡ್ಡ 4ಕೆ ವಿಡಿಯೊ ಎಡಿಟ್ ಮಾಡುವವರಿಗೂ ಇದು ಬೇಕಾದೀತು.

ನಮ್ಮಕ್ಕನ ಕಥೆಯೇ ಬೇರೆ. ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಪೋರ್ಟಲ್, ವಾಟ್ಸ್ಯಾಪ್ ವೆಬ್, ಅವಳ ದಿನ ಅಷ್ಟೇ. 8 ಜಿಬಿಯ ಲ್ಯಾಪ್‌ಟಾಪ್ ಇನ್ನೂ ಅವಳಿಗೆ ತೊಂದರೆ ಕೊಟ್ಟಿಲ್ಲ. ಹಾಗಂತ ಈಗ ಹೊಸದು ಕೊಳ್ಳುವವರಿಗೆ, ಸ್ಲಾಟ್ ಇಲ್ಲದ ಮಾದರಿಯಾದರೆ, 8 ತಗೊಳ್ಳಿ ಎನ್ನಲಾರೆ. ಸ್ಪೆಸಿಫಿಕೇಷನ್‌ನಲ್ಲಿ `LPDDR5` ಎಂದಿದ್ದರೆ ಸಾಮಾನ್ಯವಾಗಿ ರ‍್ಯಾಮ್ ಬೋರ್ಡ್‌ಗೇ ಬೆಸುಗೆಯಾಗಿರುತ್ತದೆ, ಆಮೇಲೆ ಹೆಚ್ಚಿಸಲಾಗದು. ಅಲ್ಲಿ 16ರಿಂದಲೇ ಶುರು ಮಾಡಿ. ಖಾಲಿ ಸ್ಲಾಟ್ ಇದ್ದರೆ ಸದ್ಯಕ್ಕೆ 8 ಸಾಕು, `Committed` ಏರಿದ ಮೇಲೆ ಇನ್ನೊಂದು ಹಾಕಿಸಿದರಾಯಿತು. ಡಿಡಿಆರ್4 ಸ್ಲಾಟ್‌ಗೆ ಡಿಡಿಆರ್5 ಕೂರುವುದಿಲ್ಲ, ಅದನ್ನೊಂದು ನೋಡಿಕೊಂಡು ಆರ್ಡರ್ ಮಾಡಿ.