ಟೋಕಿಯೊ ಸ್ಟೋರಿಯೋ, ತಿಥಿಯೋ: ಮಳೆಗಾಲದ ಸಂಜೆಗೆ ಯಾವುದು?

ಕಕ್ಕಡದ ಮಳೆ ಹಿಡಿದರೆ ಮಡಿಕೇರಿ ಕಡೆ ಸಂಜೆ ಹೊರಗೆ ಹೋಗುವ ಮಾತೇ ಇಲ್ಲ. ಅಂಥ ಒಂದು ವಾರದಲ್ಲಿ ಅವ್ವನ ಜೊತೆ ಕೂತು ಎರಡು ನಿಧಾನದ ಸಿನಿಮಾ ನೋಡಿದೆ. ಒಂದು ಯಸುಜಿರೊ ಓಝು ಅವರ 1953ರ ಜಪಾನಿ ಸಿನಿಮಾ 'ಟೋಕಿಯೊ ಸ್ಟೋರಿ'. ಇನ್ನೊಂದು ರಾಮ್ ರೆಡ್ಡಿ ಅವರ 'ತಿಥಿ', 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಮೊದಲು ತೋರಿಸಿದ್ದು. ಎರಡರಲ್ಲೂ ಇರುವುದು ಒಂದು ಕುಟುಂಬದ ಕಥೆ. ಆದರೆ ಎರಡರ ನಿಧಾನ ಬೇರೆ ಬೇರೆ. ಯಾವ ನಿಧಾನ ನಿಮಗೆ ಒಗ್ಗುತ್ತದೆ ಎನ್ನುವುದರ ಮೇಲೆ ಆಯ್ಕೆ ನಿಂತಿದೆ.

ತಿಥಿಯಲ್ಲಿ ಗಡುವು ಇದೆ. ಮಂಡ್ಯದ ಹಳ್ಳಿಯೊಂದರಲ್ಲಿ 101 ವರ್ಷದ ಸೆಂಚುರಿ ಗೌಡ ಶುರುವಿನಲ್ಲೇ ತೀರಿಕೊಳ್ಳುತ್ತಾನೆ. ಹನ್ನೊಂದನೇ ದಿನಕ್ಕೆ ತಿಥಿ. ಅಷ್ಟರೊಳಗೆ ಮಗ, ಮೊಮ್ಮಗ, ಮರಿಮಗ ಮೂವರೂ ತಮ್ಮ ತಮ್ಮ ದಾರಿ ಹಿಡಿದು ಹೋಗುತ್ತಾರೆ. ನಟರೆಲ್ಲ ಆ ಕಡೆಯ ಹಳ್ಳಿಯವರೇ. ಕೆಲವು ಕಡೆ ಮಾತು ಒಪ್ಪಿಸಿದ ಹಾಗೆ ಕೇಳಿಸುತ್ತದೆ, ನಿಜ. ಆದರೂ ಬೀಡಿ ಸೇದುತ್ತಾ ಅಲೆಯುವ ಮಗ ಗಡ್ಡಪ್ಪನ ಪಾತ್ರವನ್ನು ಬೇರೆ ಯಾರೂ ಮಾಡಲಾರರು. ಮುಂದೇನು ಎಂಬ ಕುತೂಹಲ ಇರುವುದರಿಂದ ಬೇಸರ ಬರುವುದಿಲ್ಲ.

ಟೋಕಿಯೊ ಸ್ಟೋರಿಯಲ್ಲಿ ಅಂಥ ಗಡುವು ಏನೂ ಇಲ್ಲ. ಒನೊಮಿಚಿ ಎಂಬ ಕಡಲ ತೀರದ ಊರಿನ ಅಜ್ಜ ಅಜ್ಜಿ, ಟೋಕಿಯೊದಲ್ಲಿರುವ ಮಕ್ಕಳನ್ನು ನೋಡಲು ಹೊರಡುತ್ತಾರೆ. ಮಗ ಡಾಕ್ಟರು, ಮಗಳಿಗೆ ಬ್ಯೂಟಿ ಪಾರ್ಲರ್. ಕಥೆ ಇಷ್ಟು ಗೊತ್ತಿದ್ದರೆ ಸಾಕು. ಮೊದಲ ದೃಶ್ಯದಲ್ಲಿ ಗಂಡ ಹೆಂಡತಿ ಚೀಲ ಕಟ್ಟುತ್ತಾ ಗಾಳಿ ದಿಂಬು ಹುಡುಕುತ್ತಾರೆ. ಇನ್ನೇನು ರೈಲು ಪ್ರಯಾಣ ಬರುತ್ತದೆ ಅಂದುಕೊಂಡರೆ, ಅದು ಬರುವುದೇ ಇಲ್ಲ. ಸೀದಾ ಟೋಕಿಯೊದ ಹೊಗೆ ಕೊಳವೆಗಳು, ಆಮೇಲೆ ಮಗನ ಮನೆ. ಬೇರೆ ನಿರ್ದೇಶಕರು ತೋರಿಸುವುದನ್ನು ಓಝು ಬಿಟ್ಟುಬಿಡುತ್ತಾರೆ, ಅವರು ಬಿಡುವುದನ್ನು ತೋರಿಸುತ್ತಾರೆ. ಕ್ಯಾಮೆರಾ ಚಾಪೆ ಮೇಲೆ ಕೂತವರ ಕಣ್ಣಿನ ಮಟ್ಟಕ್ಕಿಂತ ಕೆಳಗೆ, ಹೆಚ್ಚುಕಡಿಮೆ ಅಲ್ಲಾಡದೆ ಇರುತ್ತದೆ. ಮಾತಾಡುವವರು ನಮ್ಮನ್ನೇ ನೋಡಿ ಮಾತಾಡಿದಂತಿರುತ್ತದೆ. ಇದಕ್ಕೆ ಹೊಂದಿಕೊಳ್ಳಲು ನನಗೆ ಇಪ್ಪತ್ತು ನಿಮಿಷವಾದರೂ ಬೇಕಾಯಿತು.

ನಿಮಗೆ ಆಗಿಬರುತ್ತದಾ ಎಂದು ತಿಳಿಯಲು ಒಂದು ದೃಶ್ಯ ಹೇಳುತ್ತೇನೆ, ಶುರುವಿನಲ್ಲೇ ಬರುತ್ತದೆ. ಅಜ್ಜ ಅಜ್ಜಿಗೆ ಜಾಗ ಮಾಡಲು ಮೊಮ್ಮಗನ ಓದುವ ಮೇಜನ್ನು ಹೊರಗೆ ಸರಿಸಿದ್ದಾರೆ. ಹುಡುಗನಿಗೆ ಸಿಟ್ಟು. ತಾಯಿ ಗದರುತ್ತಾಳೆ, ಅಷ್ಟೇ. ಅದನ್ನು ನೋಡಿ ಅವ್ವ, 'ಬೆಂಗಳೂರಿಗೆ ಹೋದಾಗ ನನಗೂ ಮಗುವಿನ ರೂಮೇ ಕೊಡ್ತಾರಲ್ಲ' ಎಂದರು. ಆ ಮೇಜು ನಿಮ್ಮ ಮನಸ್ಸಿನಲ್ಲಿ ಕೂತರೆ ಧೈರ್ಯವಾಗಿ ಮುಂದೆ ನೋಡಿ. ಅರ್ಧ ಗಂಟೆ ಕಳೆದರೂ 'ಏನೂ ಆಗ್ತಿಲ್ಲ' ಅನಿಸುತ್ತಿದ್ದರೆ ನಿಲ್ಲಿಸಿಬಿಡಿ. ಮುಂದೆಯೂ ಸಿನಿಮಾ ವೇಗ ಹೆಚ್ಚಿಸುವುದಿಲ್ಲ.

ಇನ್ನು ನೋಡುವಾಗಿನ ಕಷ್ಟಗಳು. ತಿಥಿಗೆ ಕಿವಿ ಬೇಕು. ನಮ್ಮದು ಶೀಟಿನ ಮಾಡು. ಮಳೆ ಜೋರಾದಾಗ ಮಂಡ್ಯದ ಮಾತು ಅರ್ಧಕ್ಕರ್ಧ ಕೇಳಿಸಲೇ ಇಲ್ಲ. ಬೈಗುಳ ಜಾಸ್ತಿ ಇದೆ, ಚಿಕ್ಕ ಮಕ್ಕಳ ಜೊತೆ ಬೇಡ. ಟೋಕಿಯೊ ಸ್ಟೋರಿಗೆ ಕಣ್ಣು ಸಾಕು. ಆದರೆ ನಾವು ನೋಡಿದ ಪ್ರತಿಯಲ್ಲಿ ಸಬ್‌ಟೈಟಲ್ ಇಂಗ್ಲಿಷಿನಲ್ಲಿತ್ತು, ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ನಾನೇ ಪಕ್ಕದಲ್ಲಿ ಕೂತು ಒಂದೊಂದೇ ಮಾತು ಕನ್ನಡದಲ್ಲಿ ಹೇಳುತ್ತಾ ಹೋದೆ. ಮಾತಿನ ನಡುವೆ ಅಷ್ಟು ಬಿಡುವು ಇರುವುದರಿಂದ ಅದು ಸಾಧ್ಯವಾಯಿತು. ಓಡುವ ಸಿನಿಮಾ ಆಗಿದ್ದರೆ ಆಗುತ್ತಿರಲಿಲ್ಲ.

ಕರೆಂಟಿನ ಕಥೆ ಬೇರೆ. ಎರಡೂ ಸಂಜೆ ಮಧ್ಯದಲ್ಲಿ ಹೋಯಿತು. ತಿಥಿಯನ್ನು ಮರುದಿನ ಬಿಟ್ಟಲ್ಲಿಂದ ಹಿಡಿದೆವು, ಏನೂ ತೊಂದರೆಯಾಗಲಿಲ್ಲ. ಟೋಕಿಯೊ ಸ್ಟೋರಿ ಹಾಗಲ್ಲ. ಸಣ್ಣ ಸಣ್ಣ ಮಾತು ಒಂದರ ಮೇಲೊಂದು ಸೇರಿ ಭಾರವಾಗುವ ಸಿನಿಮಾ ಅದು. ಮರುದಿನ ಆ ಭಾರ ಇಳಿದುಹೋಗಿತ್ತು. ಹತ್ತು ಹದಿನೈದು ನಿಮಿಷ ಹಿಂದಕ್ಕೆ ಹೋಗಿ ನೋಡಬೇಕಾಯಿತು. ಅದರ ಉದ್ದ ಎರಡು ಗಂಟೆ ಹದಿನಾರು ನಿಮಿಷ. ಲ್ಯಾಪ್‌ಟಾಪ್ ಚಾರ್ಜ್ ತುಂಬಿಸಿಕೊಂಡೇ ಕೂರಿ.

ಮನೆಯವರೆಲ್ಲ ಸೇರಿ, ನಡುನಡುವೆ ನಗುತ್ತಾ ನೋಡಬೇಕೆಂದರೆ ತಿಥಿ. ಒಬ್ಬರೇ ಅಥವಾ ಇಬ್ಬರೇ ಇದ್ದು, ಫೋನ್ ಬದಿಗಿಟ್ಟು ಕೂರುವುದಾದರೆ ಟೋಕಿಯೊ ಸ್ಟೋರಿ. ನನಗೆ ಹೆಚ್ಚು ಇಷ್ಟವಾಗಿದ್ದು ಅದೇ. ಅದರಲ್ಲಿ ಕೆಟ್ಟವರು ಯಾರೂ ಇಲ್ಲ. ಮಗಳು ಕೇಕ್ ದುಬಾರಿಯಾಯಿತು ಎಂದು ಗಂಡನ ಮೇಲೆ ಗೊಣಗುವಾಗಲೂ ಅವಳನ್ನು ದೂರಲು ಆಗುವುದಿಲ್ಲ. ಸೊಸೆ ನೊರಿಕೊ ಆಗಿ ನಟಿಸಿದ ಸೆತ್ಸುಕೊ ಹಾರಾ ಅವರ ನಗುವನ್ನು ಗಮನಿಸಿ. ಎಲ್ಲಿ ನಗುತ್ತಾರೆ, ಎಲ್ಲಿ ನಗು ನಿಲ್ಲುತ್ತದೆ ಎನ್ನುವುದರಲ್ಲೇ ಬಹಳ ಇದೆ.

ಒಂದು ಎಚ್ಚರಿಕೆ. ನೋಡುವ ಮುಂಚೆ ಅದರ ಬಗ್ಗೆ ಏನೂ ಓದಬೇಡಿ. ಹಳೆಯ ಸಿನಿಮಾ ಎಲ್ಲರಿಗೂ ಗೊತ್ತಿದ್ದೇ ಎಂದು ಬರೆಯುವವರು ಕೊನೆಯ ಭಾಗವನ್ನು ಮೊದಲ ಸಾಲುಗಳಲ್ಲೇ ಹೇಳಿಬಿಡುತ್ತಾರೆ. ನನಗೆ ಹಾಗೇ ಆಯಿತು. ಅವ್ವನಿಗೆ ಗೊತ್ತಿರಲಿಲ್ಲ, ಅವರು ನೋಡಿದ್ದೇ ಸರಿಯಾದ ರೀತಿ.