INA219 ಕರೆಂಟ್ ಮಾಡ್ಯೂಲ್: ಎರಡು ಬೇಸಿಗೆ ಕಳೆದ ಮೇಲೆ ಬರೆದ ವಿಮರ್ಶೆ

ವಿಜಯಪುರದಿಂದ ತಿಕೋಟಾ ಕಡೆ ನಮ್ಮ ಕಾಕಾನ ದ್ರಾಕ್ಷಿ ತೋಟ ಇದೆ. ಅಲ್ಲಿನ ಶೆಡ್‌ನಲ್ಲಿ 12 ವೋಲ್ಟ್ ಬ್ಯಾಟರಿ, ಒಂದು ಸಣ್ಣ ಡಿಸಿ ಪಂಪ್, ರಾತ್ರಿಗೆ ಒಂದು ಎಲ್‌ಇಡಿ ದೀಪ. ಬ್ಯಾಟರಿಯಿಂದ ದಿನಕ್ಕೆ ಎಷ್ಟು ಖರ್ಚಾಗುತ್ತದೆ ಎಂದು ನೋಡಲು ಈ ಮಾಡ್ಯೂಲನ್ನು ಆರ್ಡುಯಿನೊಗೆ ಜೋಡಿಸಿದ್ದೆ.

ಮೊದಲ ವಾರವೇ ಒಂದು ವಿಚಿತ್ರ ಕಂಡೆ. ಮಲ್ಟಿಮೀಟರ್ ಪಂಪ್‌ಗೆ 4.5 ಆಂಪಿಯರ್ ತೋರಿಸಿದರೆ, ಮಾಡ್ಯೂಲ್ ಮಾತ್ರ 3.2ಕ್ಕೆ ಅಂಟಿಕೊಂಡು ಕೂತಿತ್ತು. ಎರಡು ದಿನ ಬಿಟ್ಟು ಕಾಕಾ ಫೋನ್ ಮಾಡಿದರು: “ಆ ನಿನ್ನ ಡಬ್ಬಿ ಒಳಗ ಏನೋ ಸುಟ್ಟ ವಾಸನಿ ಬರಾಕತ್ತೇತಿ ನೋಡೋ.”

ಎರಡಕ್ಕೂ ಕಾರಣ ಒಂದೇ. ಮಾಡ್ಯೂಲ್ ಮೇಲೆ R100 ಎಂದು ಬರೆದ ಶಂಟ್ ಇರುತ್ತದೆ, ಅಂದರೆ 0.1 ಓಮ್. ಲೋಡಿನ ಕರೆಂಟೆಲ್ಲ ಅದರೊಳಗೆ ಹರಿಯುತ್ತದೆ. ಅದರ ಎರಡು ತುದಿಗಳ ನಡುವೆ ಹುಟ್ಟುವ ಸಣ್ಣ ವೋಲ್ಟೇಜನ್ನು ಚಿಪ್‌ನೊಳಗಿನ ಆಂಪ್ಲಿಫೈಯರ್ ಹಿಗ್ಗಿಸಿ ಅಳೆಯುತ್ತದೆ. ಅದು ಅಳೆಯುವುದು ಹೆಚ್ಚೆಂದರೆ 320 ಮಿಲಿವೋಲ್ಟ್. 4.5 ಆಂಪಿಯರ್‌ಗೆ 450 ಮಿಲಿವೋಲ್ಟ್ ಆಗುತ್ತದೆ, ಹಾಗಾಗಿ 3.2ಕ್ಕೇ ನಿಂತುಬಿಡುತ್ತದೆ. ಬಿಸಿಯ ಲೆಕ್ಕ `P = I²R`: 4.5ರ ವರ್ಗ ಸುಮಾರು 20, ಅದರ ಹತ್ತನೇ ಒಂದು ಭಾಗ ಎಂದರೆ 2 ವ್ಯಾಟ್. ಅಕ್ಕಿಕಾಳಿನಷ್ಟು ದೊಡ್ಡ ರೆಸಿಸ್ಟರ್‌ಗೆ ನಮ್ಮ ಮೇ ತಿಂಗಳ ತಗಡಿನ ಶೆಡ್‌ನಲ್ಲಿ 2 ವ್ಯಾಟ್! ಬೋರ್ಡ್ ಕಂದು ಬಣ್ಣಕ್ಕೆ ತಿರುಗಿತ್ತು.

ಸಿಟ್ಟಿನಲ್ಲಿ ಇನ್ನೊಂದು ತುದಿಗೆ ಹಾರಿದೆ. 1 ಮಿಲಿಓಮ್ ಶಂಟ್ ತಂದು ಹಾಕಿದೆ. ಬಿಸಿ 0.02 ವ್ಯಾಟ್, ಮುಟ್ಟಿದರೂ ಗೊತ್ತಾಗದು. ಆದರೆ ಈಗ ಎಲ್ಲ ಲೋಡ್ ಬಿಚ್ಚಿಟ್ಟರೂ ಪರದೆಯ ಮೇಲೆ 40 ಮಿಲಿಆಂಪಿಯರ್! ಆಂಪ್ಲಿಫೈಯರ್‌ಗೆ ತನ್ನದೇ ಒಂದು ಸಣ್ಣ ತಪ್ಪು ಇರುತ್ತದೆ, ಅದನ್ನು ಆಫ್‌ಸೆಟ್ ಅನ್ನುತ್ತಾರೆ. ನನ್ನ ಚಿಪ್‌ನಲ್ಲಿ ಅದು ಸುಮಾರು 40 ಮೈಕ್ರೋವೋಲ್ಟ್. ಶಂಟ್ ಎಷ್ಟು ಚಿಕ್ಕದೋ ಈ ತಪ್ಪು ಆಂಪಿಯರ್ ಲೆಕ್ಕದಲ್ಲಿ ಅಷ್ಟು ದೊಡ್ಡದು. ಪಂಪ್ ಓಡುವಾಗ ಇದು ಶೇಕಡಾ 1ಕ್ಕಿಂತ ಕಡಿಮೆ, ಲೆಕ್ಕಕ್ಕಿಲ್ಲ. ರಾತ್ರಿ ದೀಪ ಎಳೆಯುವುದು 80 ಮಿಲಿಆಂಪಿಯರ್ ಮಾತ್ರ, ಅಲ್ಲಿ ಇದು ಅರ್ಧದಷ್ಟು ಸುಳ್ಳು. 24 ಗಂಟೆ ಕೂಡಿಸಿದರೆ ಇಲ್ಲದ ಖರ್ಚು ಸುಮಾರು 1 ಆಂಪಿಯರ್-ಅವರ್. ಹೀಗಾದರೆ ಲೆಕ್ಕ ಇಡುವುದೇ ಯಾಕೆ, ಅಲ್ವಾ?

ಕೊನೆಗೆ ನಿಂತದ್ದು 10 ಮಿಲಿಓಮ್‌ಗೆ, ಅಂದರೆ R010. ಪಂಪ್‌ಗೆ 45 ಮಿಲಿವೋಲ್ಟ್, ಬಿಸಿ 0.2 ವ್ಯಾಟ್. ಅದೇ 40 ಮೈಕ್ರೋವೋಲ್ಟ್ ತಪ್ಪು ಈಗ 4 ಮಿಲಿಆಂಪಿಯರ್ ಅಷ್ಟೇ. ಅದನ್ನೂ ಲೋಡ್ ಬಿಚ್ಚಿ ಒಮ್ಮೆ ಓದಿಕೊಂಡು ಕೋಡ್‌ನಲ್ಲಿ ಕಳೆದರಾಯಿತು. ಅಡಾಫ್ರೂಟ್ ಲೈಬ್ರರಿ ಮಾಮೂಲಿ ಸೆಟ್ಟಿಂಗ್‌ನಲ್ಲಿ 0.1 ಓಮ್ ಎಂದೇ ತಿಳಿದಿರುತ್ತದೆ, ಆದ್ದರಿಂದ ಹತ್ತರಿಂದ ಗುಣಿಸಬೇಕು:

```
float mA = (ina219.getCurrent_mA() - zero) * 10.0 * k;
```

`zero` ಅಂದರೆ ಲೋಡ್ ಇಲ್ಲದಾಗ ಅದೇ ಫಂಕ್ಷನ್ ಕೊಟ್ಟ ಸಂಖ್ಯೆ. `k` ಯಾಕೆ ಬೇಕಾಯಿತು ಅನ್ನುವುದೇ ನನ್ನ ಅತಿ ಹೆಚ್ಚು ಸಮಯ ತಿಂದ ಕಥೆ.

R010 ಬೆಸುಗೆ ಹಾಕಿದ ದಿನ ಮಾಡ್ಯೂಲ್ ಮಲ್ಟಿಮೀಟರ್‌ಗಿಂತ ಶೇಕಡಾ 8 ಜಾಸ್ತಿ ತೋರಿಸಿತು. ಪಂಪ್ ಓಡಿದಷ್ಟೂ ಇನ್ನೂ ಏರಿತು. ಹೊಸ ಶಂಟೇ ಕೆಟ್ಟದ್ದು ಎಂದು ಸುಮ್ನೆ ಬೈದುಕೊಂಡೆ. ತಪ್ಪು ನನ್ನ ಬೆಸುಗೆಯದು. ಅಲ್ಲಿ ಅರ್ಧ ಮಿಲಿಓಮ್ ಸೇರಿದರೂ 10 ಮಿಲಿಓಮ್‌ನಲ್ಲಿ ಅದು ಶೇಕಡಾ 5. ಹಳೆಯ R100ನಲ್ಲಿ ಇಷ್ಟೇ ತಪ್ಪು ಅರ್ಧ ಶೇಕಡಾ, ಕಣ್ಣಿಗೇ ಬೀಳುತ್ತಿರಲಿಲ್ಲ. ಮೇಲಾಗಿ ಅಳೆಯುವ ದಾರಿಯೊಳಗೆ ಸೇರಿಕೊಂಡ ತಾಮ್ರದ ರೋಧ ಒಂದೊಂದು ಡಿಗ್ರಿಗೆ ಸುಮಾರು ಶೇಕಡಾ 0.4 ಏರುತ್ತದೆ, ಹಾಗಾಗಿ ಬಿಸಿಯಾದಂತೆ ರೀಡಿಂಗ್ ತೇಲುತ್ತದೆ. ಫ್ಲಕ್ಸ್ ಹಚ್ಚಿ ಮತ್ತೆ ಬೆಸೆದೆ. ಚಿಪ್‌ಗೆ ಹೋಗುವ ಎರಡು ತೆಳು ಗೆರೆಗಳು ಶಂಟ್‌ನ ಬುಡದಿಂದಲೇ ಹೊರಡುವಂತೆ ನೋಡಿಕೊಂಡೆ. ವ್ಯತ್ಯಾಸ ಶೇಕಡಾ 2ಕ್ಕೆ ಇಳಿಯಿತು, ತೇಲುವುದೂ ನಿಂತಿತು. ಉಳಿದ ಆ 2 ಶೇಕಡಾವನ್ನೇ `k` ಸರಿ ಮಾಡುತ್ತದೆ. ಪಂಪ್ ಹತ್ತು ನಿಮಿಷ ಓಡಿ ಬಿಸಿಯಾದ ಮೇಲೆಯೇ ಅದನ್ನು ಲೆಕ್ಕ ಹಾಕಿ, ತಣ್ಣಗಿದ್ದಾಗ ಅಲ್ಲ.

ಇಷ್ಟು ಮಾಡಿದ ಮೇಲೆ ಎರಡು ಬೇಸಿಗೆ ಆಯಿತು. ಈ ಏಪ್ರಿಲ್‌ನಲ್ಲಿ ಮತ್ತೆ ಮೀಟರ್ ಹಿಡಿದು ನೋಡಿದೆ: ಮಾಡ್ಯೂಲ್ 4.47, ಮೀಟರ್ 4.50. ನನಗೆ ಸಾಕು.

ಮಾರುವವರ ಮೇಲೆ ಒಂದು ತಕರಾರು ಇದೆ. ನಾನು ಕೊಂಡ ಅಂಗಡಿಯ ಪುಟದಲ್ಲಿ 3.2 ಆಂಪಿಯರ್ ಮಿತಿ ಎಲ್ಲೂ ಇರಲಿಲ್ಲ, 26 ವೋಲ್ಟ್ ಮಾತ್ರ ದಪ್ಪಕ್ಷರದಲ್ಲಿತ್ತು. ಎರಡು ಆಂಪಿಯರ್ ಒಳಗಿನ ಲೋಡ್ ಇದ್ದರೆ R100 ಹಾಗೆಯೇ ಇರಲಿ, ಮುಟ್ಟಬೇಡಿ. ಐದಾರು ಆಂಪಿಯರ್‌ವರೆಗೆ R010. ಮನೆಯ ಇನ್ವರ್ಟರ್ ಬ್ಯಾಟರಿಯ ಕರೆಂಟ್ ಅಳೆಯಬೇಕು ಅಂದರೆ ಈ ಬೋರ್ಡಿನ ಸ್ಕ್ರೂ ಟರ್ಮಿನಲ್ ಮತ್ತು ಸಣ್ಣ ಗೆರೆಗಳು ತಾಳುವುದಿಲ್ಲ. ಅದಕ್ಕೆ 100 ಆಂಪಿಯರ್, 75 ಮಿಲಿವೋಲ್ಟ್‌ನ ಹಿತ್ತಾಳೆ ಬ್ಲಾಕಿನ ಶಂಟ್ ಹೊರಗೆ ಹಾಕಿ, R100 ಕಿತ್ತು, ಎರಡು ಸಣ್ಣ ವೈರ್ ಮಾತ್ರ ಮಾಡ್ಯೂಲ್‌ಗೆ ತನ್ನಿ.